ಮುಕ್ಕಾಲು ರೂಪಾಯಿ ಬಡ್ಡಿಯೋ, ಅರ್ಧ ರೂಪಾಯಿಯೋ? ಎಂಡೋಮೆಂಟ್ ಪಾಲಿಸಿಯ ನಿಜವಾದ ಲೆಕ್ಕ

2025ರ ಏಪ್ರಿಲ್‌ನಲ್ಲಿ ನಮ್ಮ ಚಿಕ್ಕಪ್ಪನ ಖಾತೆಗೆ 5,82,000 ರೂಪಾಯಿ ಬಂತು. 20 ವರ್ಷದ ಎಂಡೋಮೆಂಟ್ ಪಾಲಿಸಿ, ಅಂದರೆ ಜೀವ ವಿಮೆಯೂ ಉಳಿತಾಯವೂ ಸೇರಿದ ಪಾಲಿಸಿ, ಆ ತಿಂಗಳು ಮೆಚ್ಯೂರ್ ಆಗಿತ್ತು. ಚಿಕ್ಕಪ್ಪ ತಿಪಟೂರಿನ ಹತ್ತಿರ ಹಿಟ್ಟಿನ ಗಿರಣಿ ಇಟ್ಟುಕೊಂಡವರು. 2005ರ ಏಪ್ರಿಲ್‌ನಿಂದ ಪ್ರತಿ ವರ್ಷ 15,000 ರೂಪಾಯಿ ಕಂತು ಕಟ್ಟಿದ್ದಾರೆ, ಒಂದು ವರ್ಷವೂ ತಪ್ಪಿಸಿಲ್ಲ. ರಸೀದಿಗಳೆಲ್ಲ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ, ಬಾಂಡಿನ ಜೊತೆಗೇ ಇವೆ.

ದುಡ್ಡು ಬಂದ ವಾರ ಮನೆಯಲ್ಲಿ ಇದರದ್ದೇ ಮಾತು. ಏಜೆಂಟ್ ಬಂದು "ಕಟ್ಟಿದ್ದು ಮೂರು, ಬಂದದ್ದು ಹತ್ತಿರ ಹತ್ತಿರ ಆರು. ಡಬಲ್ ಆಯ್ತಲ್ಲ ಯಜಮಾನ್ರೇ" ಎಂದು ಹೇಳಿ, ಕಾಫಿ ಕುಡಿದು ಹೋದರು. ಬೆಂಗಳೂರಿನಲ್ಲಿ ಕೆಲಸ ಮಾಡುವ ಚಿಕ್ಕಪ್ಪನ ಮಗ ಫೋನಿನಲ್ಲೇ ಲೆಕ್ಕ ಹಾಕಿ, "ವರ್ಷಕ್ಕೆ 3.4 ಪರ್ಸೆಂಟ್ ಅಷ್ಟೇ ಅಪ್ಪ, ಸುಮ್ನೆ ಎಸ್‌ಬಿ ಖಾತೆಯಲ್ಲಿ ಇಟ್ಟಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರ್ತಿತ್ತು" ಅಂದ. ಚಿಕ್ಕಪ್ಪ ಇಬ್ಬರ ಮಾತನ್ನೂ ಕೇಳಿಸಿಕೊಂಡು ನನ್ನ ಹತ್ತಿರ ಬಂದರು. ಅವರ ಪ್ರಶ್ನೆ ಸರಳವಾಗಿತ್ತು: "ಪರ್ಸೆಂಟು ಗಿರ್ಸೆಂಟು ಬೇಡ. ತಿಂಗಳಿಗೆ ನೂರಕ್ಕೆ ಎಷ್ಟು ರೂಪಾಯಿ ಬಡ್ಡಿ ಬಿದ್ದಂಗಾಯ್ತು? ಅಷ್ಟು ಹೇಳು."

ಏಜೆಂಟ್ ಹೇಳಿದ್ದೂ ಸುಳ್ಳಲ್ಲ, ಮಗ ಒತ್ತಿದ ಗುಂಡಿಗಳೂ ತಪ್ಪಲ್ಲ. ಆದರೆ ಇಬ್ಬರ ಲೆಕ್ಕವೂ ಚಿಕ್ಕಪ್ಪನ ಪ್ರಶ್ನೆಗೆ ಉತ್ತರವಲ್ಲ.

ಮೊದಲು ಆ 5,82,000 ಎಲ್ಲಿಂದ ಬಂತು ನೋಡೋಣ. ಬಾಂಡಿನ ಮೇಲೆ ವಿಮಾ ಮೊತ್ತ 3,00,000 ಎಂದಿದೆ. 20 ವರ್ಷ ಕಟ್ಟಿದ ಕಂತುಗಳ ಒಟ್ಟು ಮೊತ್ತವೂ 3,00,000. ಅಂದರೆ ಮೆಚ್ಯೂರಿಟಿಯಲ್ಲಿ ಬಂದ ವಿಮಾ ಮೊತ್ತ ಅವರದೇ ದುಡ್ಡು ವಾಪಸ್ ಬಂದಂತೆ. ಲಾಭ ಏನಿದ್ದರೂ ಬೋನಸ್‌ನಲ್ಲಿ. ಕಂಪನಿ ಪ್ರತಿ ವರ್ಷ ವಿಮಾ ಮೊತ್ತದ ಸಾವಿರಕ್ಕೆ ಇಷ್ಟು ಎಂದು ಬೋನಸ್ ಘೋಷಿಸುತ್ತದೆ. ಚಿಕ್ಕಪ್ಪನ ಪಾಲಿಸಿಗೆ ಅದು ಸರಾಸರಿ ಸಾವಿರಕ್ಕೆ 42 ರೂಪಾಯಿ ಬಿದ್ದಿದೆ. ಮೂರು ಲಕ್ಷಕ್ಕೆ ವರ್ಷಕ್ಕೆ 12,600. 20 ವರ್ಷಕ್ಕೆ 2,52,000. ಕೊನೆಯಲ್ಲಿ ಒಂದು ಸಲ ಮಾತ್ರ ಸಿಗುವ ಅಂತಿಮ ಹೆಚ್ಚುವರಿ ಬೋನಸ್ 30,000. ಎಲ್ಲ ಕೂಡಿದರೆ 5,82,000.

ಇಲ್ಲೇ ಮೊದಲ ಮಂಕುಬೂದಿ ಇರುವುದು. 15,000 ಕಂತು ಕಟ್ಟಿದ ವರ್ಷವೇ 12,600 ಬೋನಸ್ ಘೋಷಣೆ ಆಯಿತು ಎಂದರೆ ಯಾರಿಗಾದರೂ ಬೆರಗಾಗುತ್ತದೆ, ಅಲ್ವಾ? ಆದರೆ ಆ ಬೋನಸ್ ಕೈಗೆ ಬರುವುದಿಲ್ಲ. ಪಾಲಿಸಿ ಮುಗಿಯುವವರೆಗೆ ಅಥವಾ ಪಾಲಿಸಿದಾರ ತೀರಿಕೊಳ್ಳುವವರೆಗೆ ಕಂಪನಿಯ ಪುಸ್ತಕದಲ್ಲೇ ಇರುತ್ತದೆ. ಅದಕ್ಕೆ ಬಡ್ಡಿಯೂ ಇಲ್ಲ. ಮೊದಲ ವರ್ಷ ಘೋಷಣೆಯಾದ 12,600 ರೂಪಾಯಿ 20ನೇ ವರ್ಷದಲ್ಲೂ 12,600 ರೂಪಾಯಿಯೇ. ಬ್ಯಾಂಕಿನ ಡಿಪಾಸಿಟ್‌ನಲ್ಲಿ ಬಡ್ಡಿಗೆ ಬಡ್ಡಿ ಬೆಳೆಯುತ್ತದೆ, ಇಲ್ಲಿ ಬೋನಸ್‌ಗೆ ಬೋನಸ್ ಬೆಳೆಯುವುದಿಲ್ಲ. ಬಹುಪಾಲು ಹಳೆಯ ಎಂಡೋಮೆಂಟ್ ಪಾಲಿಸಿಗಳು ಇದೇ ಥರ.

ಈಗ ಶೇಕಡಾವಾರು ಲೆಕ್ಕಕ್ಕೆ ಬರೋಣ. ಏಜೆಂಟ್ ಹೇಳಿದ "ಡಬಲ್" ಅಂದರೆ 94% ಲಾಭ. ಅದರಲ್ಲಿ ಕಾಲದ ಮಾತೇ ಇಲ್ಲ. 94 ಅನ್ನು 20ರಿಂದ ಭಾಗಿಸಿ ವರ್ಷಕ್ಕೆ 4.7% ಎನ್ನುವವರಿದ್ದಾರೆ. ಮಗ ಇನ್ನೊಂದು ಮಾಡಿದ. ಮೂರು ಲಕ್ಷ 20 ವರ್ಷದಲ್ಲಿ 5.82 ಲಕ್ಷ ಆಗಬೇಕಾದರೆ ವರ್ಷಕ್ಕೆ ಎಷ್ಟು ಚಕ್ರಬಡ್ಡಿ ಬೇಕು ಎಂದು ಕೇಳಿದ. ಉತ್ತರ 3.37%. ಈ ಲೆಕ್ಕ ಸರಿಯಾಗಬೇಕಿದ್ದರೆ ಚಿಕ್ಕಪ್ಪ 2005ರಲ್ಲೇ ಮೂರು ಲಕ್ಷವನ್ನು ಒಂದೇ ಸಲ ಕೊಟ್ಟಿರಬೇಕಿತ್ತು. ಅವರು ಹಾಗೆ ಮಾಡಲಿಲ್ಲ. ಮೊದಲ 15,000 ಕಂಪನಿಯ ಹತ್ತಿರ 20 ವರ್ಷ ಇತ್ತು. ಎರಡನೆಯದು 19 ವರ್ಷ. 2024ರ ಏಪ್ರಿಲ್‌ನಲ್ಲಿ ಕಟ್ಟಿದ ಕೊನೆಯ ಕಂತು ಒಂದೇ ವರ್ಷ. ಸರಾಸರಿ ತೆಗೆದರೆ ಒಂದೊಂದು ಕಂತೂ ಹತ್ತೂವರೆ ವರ್ಷ ಅವರ ಹತ್ತಿರ ಇತ್ತು. ಅದನ್ನು 20 ವರ್ಷ ಎಂದು ಹಿಡಿದದ್ದರಿಂದ ಮಗನ ಉತ್ತರ ಬಹಳ ಕೆಳಗೆ ಇಳಿಯಿತು.

ಹಾಗಾದರೆ ಪ್ರತಿ ಕಂತು ಎಷ್ಟು ವರ್ಷ ಇತ್ತು ಎಂದು ಕೂಡಿ ಬಡ್ಡಿ ಹಾಕಿದರೆ? ಸಾಲ ಕೊಡುವವರು ಹಾಕುವ ಲೆಕ್ಕ ಇದೇ. 20 ಕೂಡಿಸು 19, ಕೂಡಿಸು 18 ಹೀಗೆ ಒಂದರವರೆಗೆ ಕೂಡಿದರೆ 210. ಅಂದರೆ 15,000 ರೂಪಾಯಿ 210 ವರ್ಷ ಇದ್ದಂತೆ, ಅಥವಾ 31,50,000 ರೂಪಾಯಿ ಒಂದು ವರ್ಷ ಇದ್ದಂತೆ. ಅದರ ಮೇಲೆ ಬಂದ ಲಾಭ 2,82,000. ವರ್ಷಕ್ಕೆ 8.95%. ಚಿಕ್ಕಪ್ಪನ ಭಾಷೆಯಲ್ಲಿ ಹೇಳಿದರೆ ತಿಂಗಳಿಗೆ ನೂರಕ್ಕೆ ಮುಕ್ಕಾಲು ರೂಪಾಯಿ ಬಡ್ಡಿ. ಎಂಡೋಮೆಂಟ್ ಪಾಲಿಸಿಗೆ "ಒಂಬತ್ತು ಪರ್ಸೆಂಟ್ ಬರುತ್ತೆ" ಎಂದು ಯಾರಾದರೂ ಹೇಳಿದರೆ ಹೆಚ್ಚಾಗಿ ಈ ದಾರಿಯಲ್ಲಿ ಬಂದ ಸಂಖ್ಯೆಯೇ ಇರುತ್ತದೆ. ಲೆಕ್ಕ ಸರಿ, ಆದರೆ ಇದು ಸರಳಬಡ್ಡಿ. ಬ್ಯಾಂಕ್ ಡಿಪಾಸಿಟ್ಟು, ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್ ಎಲ್ಲ ತಮ್ಮ ದರವನ್ನು ಚಕ್ರಬಡ್ಡಿಯಲ್ಲಿ ಹೇಳುತ್ತವೆ. ಸರಳಬಡ್ಡಿಯ 8.95 ಅನ್ನು ಪಿಪಿಎಫ್ ಕೊಡುವ ಚಕ್ರಬಡ್ಡಿಯ 7.1 ಪಕ್ಕ ಇಟ್ಟು ಇದೇ ಜಾಸ್ತಿ ಎನ್ನುವುದು, ಸೇರನ್ನೂ ಕಿಲೋವನ್ನೂ ಒಂದೇ ತಕ್ಕಡಿಗೆ ಹಾಕಿದ ಹಾಗೆ.

ಸರಿಯಾದ ಪ್ರಶ್ನೆ ಹೀಗಿರಬೇಕು: ಪ್ರತಿ ಏಪ್ರಿಲ್‌ನಲ್ಲಿ 15,000 ಹಾಕುತ್ತಾ ಹೋದ ಒಂದು ಖಾತೆ ಇದೆ. ವರ್ಷಕ್ಕೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ. 20ನೇ ವರ್ಷದ ಕೊನೆಗೆ ಅದರಲ್ಲಿ ಸರಿಯಾಗಿ 5,82,000 ಇರಬೇಕಾದರೆ ಬಡ್ಡಿ ದರ ಎಷ್ಟಿರಬೇಕು? ಆ ದರವೇ ಪಾಲಿಸಿಯ ನಿಜವಾದ ವಾರ್ಷಿಕ ಗಳಿಕೆ. ಇದಕ್ಕೆ ನೇರವಾದ ಸೂತ್ರವಿಲ್ಲ. ಒಂದು ದರ ಊಹಿಸಿ, ಹಾಕಿ ನೋಡಿ, ಹೆಚ್ಚುಕಡಿಮೆ ಮಾಡುತ್ತಾ ಹತ್ತಿರ ಬರಬೇಕು.

ಚಿಕ್ಕಪ್ಪನಿಗೆ ನಾನು ಗಿರಣಿಯ ಉದ್ದನೆ ನೋಟ್‌ಬುಕ್‌ನಲ್ಲೇ ತೋರಿಸಿದೆ. 6% ಎಂದು ಹಿಡಿದೆವು. ಮೊದಲ 15,000 ವರ್ಷದ ಕೊನೆಗೆ 15,900. ಅದಕ್ಕೆ ಎರಡನೇ ಕಂತು ಸೇರಿಸಿದರೆ 30,900, ಬಡ್ಡಿ ಸೇರಿ 32,754. ಮೂರನೇ ಕಂತು ಸೇರಿದರೆ 47,754, ಬಡ್ಡಿ ಸೇರಿ 50,619. ಹೀಗೆ 20 ಸಾಲು ಬರೆದರೆ ಕೊನೆಗೆ 5,84,891 ಬರುತ್ತದೆ. ಅವರಿಗೆ ಬಂದದ್ದು ಅದಕ್ಕಿಂತ ಸ್ವಲ್ಪ ಕಡಿಮೆ. ಅದೇ 5% ಹಿಡಿದಿದ್ದರೆ 5,20,789, 7% ಹಿಡಿದಿದ್ದರೆ 6,57,978. ಹಾಗಾಗಿ ಉತ್ತರ 6ಕ್ಕಿಂತ ಕೂದಲೆಳೆ ಕೆಳಗೆ ಎಂದು ಕಣ್ಣಿಗೇ ಕಾಣುತ್ತದೆ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಇಷ್ಟೂ ಕೆಲಸಕ್ಕೆ ಒಂದೇ ಸಾಲು ಸಾಕು:

```
=RATE(20,-15000,0,582000,1)
```

ಉತ್ತರ 5.96%. ಮೊದಲ ಸಂಖ್ಯೆ ಎಷ್ಟು ಕಂತು ಎಂಬುದು. ಎರಡನೆಯದು ಕಂತಿನ ಮೊತ್ತ, ಕೈಯಿಂದ ಹೋಗುವ ದುಡ್ಡಾದ್ದರಿಂದ ಮೈನಸ್. ಮೂರನೆಯದು ಸೊನ್ನೆ, ಯಾಕೆಂದರೆ ಶುರುವಿನಲ್ಲಿ ಬೇರೆ ಇಡುಗಂಟು ಏನೂ ಕೊಟ್ಟಿಲ್ಲ. ನಾಲ್ಕನೆಯದು ಕೈಗೆ ಬಂದ ಮೊತ್ತ. ಕೊನೆಯ 1 ಬಹಳ ಮುಖ್ಯ. ಕಂತನ್ನು ವರ್ಷದ ಶುರುವಿನಲ್ಲಿ ಕಟ್ಟುತ್ತೇವೆ ಎಂದು ಹೇಳುವುದು ಅದೇ. ಅದನ್ನು ಬಿಟ್ಟರೆ ಎಕ್ಸೆಲ್ ಕಂತೆಲ್ಲ ವರ್ಷದ ಕೊನೆಗೆ ಕಟ್ಟಿದ್ದೆಂದು ತಿಳಿದು 6.5% ಎನ್ನುತ್ತದೆ. ಒಂದೇ ಒಂದು ಅಂಕಿ ಮರೆತರೆ ಅರ್ಧ ಪರ್ಸೆಂಟ್ ಪುಕ್ಕಟೆ ಸೇರಿಬಿಡುತ್ತದೆ.

ಕಂತು ಎಲ್ಲ ವರ್ಷ ಒಂದೇ ಥರ ಇಲ್ಲದಿದ್ದರೆ, ನಡುವೆ ತಡವಾಗಿ ಕಟ್ಟಿದ್ದರೆ, ಅಥವಾ ಮನಿ ಬ್ಯಾಕ್ ಪಾಲಿಸಿಯ ಹಾಗೆ ಮಧ್ಯೆ ಮಧ್ಯೆ ದುಡ್ಡು ಬಂದಿದ್ದರೆ `RATE` ಸಾಲದು. ಆಗ `XIRR` ಬೇಕು. ಒಂದು ಕಾಲಂನಲ್ಲಿ ತಾರೀಕು, ಪಕ್ಕದ ಕಾಲಂನಲ್ಲಿ ಮೊತ್ತ. ಕಟ್ಟಿದ್ದು ಮೈನಸ್, ಬಂದದ್ದು ಪ್ಲಸ್.

```
=XIRR(B1:B21,A1:A21)
```

21 ಸಾಲು ಯಾಕೆ ಅಂದರೆ 20 ಕಂತು, ಆಮೇಲೆ ಒಂದು ಮೆಚ್ಯೂರಿಟಿ. ಕೆಲವರು ಕೊನೆಯ ಕಂತಿನ ಸಾಲಿನಲ್ಲೇ ಮೆಚ್ಯೂರಿಟಿ ಮೊತ್ತವನ್ನೂ ಬರೆದು 20 ಸಾಲಿಗೆ ಮುಗಿಸುತ್ತಾರೆ. ಆಗ ದುಡ್ಡು ಒಂದು ವರ್ಷ ಮೊದಲೇ ಬಂತೆಂದು ಲೆಕ್ಕವಾಗಿ ಗಳಿಕೆ ಉಬ್ಬಿಕೊಳ್ಳುತ್ತದೆ. ಪರದೆ ಮೇಲೆ `#NUM!` ಎಂದು ಬಂದರೆ ಮೊದಲು ಮೈನಸ್ ಚಿಹ್ನೆ ಇದೆಯಾ ನೋಡಿ. `#VALUE!` ಎಂದು ಬಂದರೆ ತಾರೀಕು ಬರೀ ಅಕ್ಷರವಾಗಿ ಕೂತಿದೆ ಎಂದರ್ಥ.

ತಿಂಗಳ ಕಂತಿನವರಿಗೆ ಒಂದು ಮಾತು. ಇದೇ ಪಾಲಿಸಿಗೆ ತಿಂಗಳಿಗೆ 1,275 ಕಟ್ಟಿದ್ದರೆ ಒಟ್ಟು 3,06,000 ಆಗುತ್ತಿತ್ತು, ಅಂದರೆ 6,000 ಹೆಚ್ಚು. ಆದರೂ ಗಳಿಕೆ ಸುಮಾರು 6.0%, ಇದಕ್ಕಿಂತ ಒಂದು ಎಳೆ ಜಾಸ್ತಿಯೇ. ದುಡ್ಡು ಸರಾಸರಿ ಅರ್ಧ ವರ್ಷದಷ್ಟು ತಡವಾಗಿ ಕೈಬಿಟ್ಟು ಹೋಗುತ್ತದಲ್ಲ, ಅದಕ್ಕೆ. ಸೂತ್ರ ಕೊಡುವುದು ತಿಂಗಳ ದರವಾದ್ದರಿಂದ ಅದನ್ನು ವರ್ಷಕ್ಕೆ ಏರಿಸಬೇಕು. 0.005 ಎಂಬುದು ಹುಡುಕಾಟ ಎಲ್ಲಿಂದ ಶುರುವಾಗಬೇಕು ಎಂಬ ಊಹೆ, ಅದಿಲ್ಲದಿದ್ದರೆ ಉತ್ತರದ ಬದಲು `#NUM!` ಬರಬಹುದು:

```
=(1+RATE(240,-1275,0,582000,1,0.005))^12-1
```

ರಸೀದಿಗಳನ್ನು ಒಂದೊಂದಾಗಿ ನೋಡುವಾಗ ಇನ್ನೊಂದು ವಿಷಯ ಕಂಡಿತು. 2018ರಿಂದ ಕಟ್ಟಿದ ಮೊತ್ತ 15,000 ಅಲ್ಲ, 15,337 ರೂಪಾಯಿ 50 ಪೈಸೆ. ಜಿಎಸ್‌ಟಿ ಬಂದಾಗ ಎಂಡೋಮೆಂಟ್ ಪಾಲಿಸಿಗೆ ಮೊದಲ ವರ್ಷ 4.5%, ಆಮೇಲಿನ ವರ್ಷಗಳಿಗೆ 2.25% ತೆರಿಗೆ ಬಿತ್ತು. ಅದಕ್ಕೂ ಮೊದಲಿನ ಕೆಲವು ವರ್ಷ ಸೇವಾ ತೆರಿಗೆ ಇತ್ತು. ಈ ದುಡ್ಡಿಗೆ ಬೋನಸ್ಸೂ ಇಲ್ಲ, ವಾಪಸ್ಸೂ ಇಲ್ಲ. ಅದನ್ನೂ ಸೇರಿಸಿದರೆ 5.96 ಅನ್ನುವುದು 5.9ರ ಹತ್ತಿರಕ್ಕೆ ಇಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ. ಹಾಗಾಗಿ ಈಗ ಕಟ್ಟುವವರಿಗೆ ಈ ಖರ್ಚು ತಪ್ಪಿತು. ಚಿಕ್ಕಪ್ಪನದು ಅಷ್ಟರಲ್ಲಿ ಮುಗಿದೇ ಹೋಗಿತ್ತು.

"ಅಂದ್ರೆ ಅರ್ಧ ರೂಪಾಯಿ ಬಡ್ಡಿ" ಎಂದರು ಚಿಕ್ಕಪ್ಪ. ಹೌದು, ತಿಂಗಳಿಗೆ ನೂರಕ್ಕೆ ಅರ್ಧ ರೂಪಾಯಿ. ಆದರೆ ಬಡ್ಡಿ ಅಸಲಿಗೆ ಸೇರುತ್ತಾ ಹೋಗುವ ಅರ್ಧ ರೂಪಾಯಿ.

ಮಗ ಸುಮ್ಮನಿರಲಿಲ್ಲ. ಪಿಪಿಎಫ್‌ನಲ್ಲಿ ಹಾಕಿದ್ದರೆ ಎಷ್ಟಾಗುತ್ತಿತ್ತು ಎಂದು ಕೇಳಿದ. ಅದನ್ನೂ ಹಾಕಿ ನೋಡಿದೆವು. ಪಿಪಿಎಫ್ ದರ 2011ರ ನವೆಂಬರ್‌ವರೆಗೆ 8% ಇತ್ತು, ಮುಂದೆ 8.8ರವರೆಗೆ ಏರಿತು, ಆಮೇಲೆ ಇಳಿಯುತ್ತಾ ಬಂದು 2020ರ ಏಪ್ರಿಲ್‌ನಿಂದ 7.1ಕ್ಕೆ ನಿಂತಿದೆ. ಅದೇ 15,000 ಅನ್ನು ಪ್ರತಿ ಏಪ್ರಿಲ್‌ನ ಮೊದಲ ವಾರದಲ್ಲಿ ಹಾಕಿ, 15 ವರ್ಷ ಮುಗಿದ ಮೇಲೆ ಐದು ವರ್ಷ ಮುಂದುವರಿಸಿದ್ದರೆ ಸುಮಾರು 7.2 ಲಕ್ಷ ಆಗುತ್ತಿತ್ತು. ವ್ಯತ್ಯಾಸ 1.4 ಲಕ್ಷ.

ಇಲ್ಲಿ ಪಾಲಿಸಿಗೆ ಒಂದು ನ್ಯಾಯ ಸಲ್ಲಬೇಕು. ಪಿಪಿಎಫ್‌ನಲ್ಲಿ ಜೀವ ವಿಮೆ ಇಲ್ಲ. ಚಿಕ್ಕಪ್ಪ 2009ರಲ್ಲಿ ತೀರಿಕೊಂಡಿದ್ದರೆ ಪಾಲಿಸಿಯಿಂದ ಚಿಕ್ಕಮ್ಮನಿಗೆ ಮೂರು ಲಕ್ಷ ಮತ್ತು ಅಲ್ಲಿವರೆಗಿನ ಬೋನಸ್ ಬರುತ್ತಿತ್ತು. ಪಿಪಿಎಫ್‌ನಿಂದ ಕಟ್ಟಿದ್ದು ಮತ್ತು ಬಡ್ಡಿ ಅಷ್ಟೇ. ಆ ರಕ್ಷಣೆಗೂ ಬೆಲೆ ಕಟ್ಟಬಹುದು. ಮೂರು ಲಕ್ಷದ ಬರೀ ಟರ್ಮ್ ವಿಮೆಗೆ, ಅಂದರೆ ತೀರಿಕೊಂಡರೆ ಮಾತ್ರ ದುಡ್ಡು ಬರುವ ವಿಮೆಗೆ, ವರ್ಷಕ್ಕೆ 900 ರೂಪಾಯಿ ಎಂದು ಇಟ್ಟುಕೊಳ್ಳೋಣ. ಕಂತಿನಲ್ಲಿ 900 ಕಳೆದು 14,100 ಮಾತ್ರ ಉಳಿತಾಯ ಎಂದು ಹಿಡಿದರೆ ಗಳಿಕೆ 6.5%ಕ್ಕೆ ಏರುತ್ತದೆ. ಅಂದರೆ ವಿಮೆಯ ಬೆಲೆ ಅರ್ಧ ಪರ್ಸೆಂಟ್. ಅದನ್ನು ಕೊಟ್ಟರೂ ಪಿಪಿಎಫ್ ಮುಂದೆಯೇ ಇದೆ, ಆದರೆ ಅಂತರ ಕಡಿಮೆಯಾಯಿತು. ಇನ್ನು ನನ್ನ ಅಭಿಪ್ರಾಯ ಕೇಳಿದರೆ, ಗಿರಣಿ ನಂಬಿದ ಐದು ಜನರ ಮನೆಗೆ ಮೂರು ಲಕ್ಷದ ರಕ್ಷಣೆ 2005ರಲ್ಲೂ ಸಾಲದಾಗಿತ್ತು. ಎಂಡೋಮೆಂಟ್‌ನ ನಿಜವಾದ ದೋಷ ಗಳಿಕೆಗಿಂತ ಹೆಚ್ಚಾಗಿ ಅಲ್ಲಿದೆ.

ತೆರಿಗೆ ಉಳಿತಾಯವನ್ನು ಸೇರಿಸಬೇಕಾ? ಹಳೆಯ ತೆರಿಗೆ ಪದ್ಧತಿಯಲ್ಲಿ 80ಸಿ ಅಡಿ ವಿನಾಯಿತಿ ಇತ್ತು. 20% ತೆರಿಗೆ ಕಟ್ಟುವವರಿಗೆ 15,000 ಕಂತು ಕೈಯಿಂದ 12,000 ಹೋದಂತೆ ಆಗುತ್ತಿತ್ತು. ಹಾಗೆ ಹಿಡಿದರೆ ಗಳಿಕೆ 7.8% ಎಂದು ಕಾಣುತ್ತದೆ. ಆದರೆ ಪಿಪಿಎಫ್‌ಗೂ ಅದೇ ವಿನಾಯಿತಿ ಇತ್ತಲ್ಲ. ಹೋಲಿಸುವಾಗ ಎರಡೂ ಕಡೆ ಸೇರಿಸಿ, ಇಲ್ಲವೇ ಎರಡೂ ಕಡೆ ಬಿಡಿ. ಒಂದು ಕಡೆ ಮಾತ್ರ ಸೇರಿಸುವುದು ಮಾರುವವರ ಜಾಣತನ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ವಿನಾಯಿತಿಯೇ ಇಲ್ಲ. ಚಿಕ್ಕಪ್ಪನ ಆದಾಯ ತೆರಿಗೆ ಮಿತಿ ದಾಟಿಲ್ಲ, ಹಾಗಾಗಿ ಅವರಿಗೆ ಇದು ಬರೀ ಮಾತು.

ಇಷ್ಟಾದ ಮೇಲೆ ಚಿಕ್ಕಮ್ಮ ಒಂದು ಮಾತು ಅಂದರು. "ಆಗಿನ ಹದಿನೈದು ಸಾವಿರ ಅಂದ್ರೆ ಈಗಿನ ಹದಿನೈದು ಸಾವಿರ ಏನಪ್ಪಾ?" ಅಲ್ಲಿವರೆಗೆ ನಾವು ಮೂವರೂ ಆ ಕಡೆ ಹೋಗಿರಲಿಲ್ಲ.

ಬೆಲೆ ಏರಿಕೆ ಲೆಕ್ಕಕ್ಕೆ ಮನೆಯಲ್ಲೇ ಕೂತು ಬಳಸಬಹುದಾದ ಒಂದು ಅಳತೆಗೋಲು ಇದೆ. ಆದಾಯ ತೆರಿಗೆ ಇಲಾಖೆ ಆಸ್ತಿ ಮಾರಾಟದ ಲೆಕ್ಕಕ್ಕೆಂದು ಪ್ರತಿ ವರ್ಷ ವೆಚ್ಚ ಹಣದುಬ್ಬರ ಸೂಚ್ಯಂಕ ಎಂಬ ಸಂಖ್ಯೆ ಪ್ರಕಟಿಸುತ್ತದೆ. 2001-02ಕ್ಕೆ ಅದು 100. 2005-06ಕ್ಕೆ 117. 2015-16ಕ್ಕೆ 254. 2025-26ಕ್ಕೆ 376. 2005ರ 15,000 ಅನ್ನು 376ರಿಂದ ಗುಣಿಸಿ 117ರಿಂದ ಭಾಗಿಸಿದರೆ 48,200 ರೂಪಾಯಿ ಚಿಲ್ಲರೆ. ಚಿಕ್ಕಪ್ಪ ಕಟ್ಟಿದ ಮೊದಲ ಕಂತು ಇವತ್ತಿನ ಲೆಕ್ಕದಲ್ಲಿ ಅಷ್ಟು ದೊಡ್ಡದು. 2024ರ ಕೊನೆಯ ಕಂತು ಇವತ್ತಿಗೆ 15,500 ಮಾತ್ರ.

ಹೀಗೆ 20 ಕಂತುಗಳನ್ನೂ ಆಯಾ ವರ್ಷದ ಸೂಚ್ಯಂಕದಿಂದ ಇವತ್ತಿನ ರೂಪಾಯಿಗೆ ತಂದು ಕೂಡಿದೆವು. ಒಟ್ಟು ಸುಮಾರು 5,48,500. ಬಂದದ್ದು 5,82,000. ಇಪ್ಪತ್ತು ವರ್ಷದ ಮೇಲೆ ಕೈಗೆ ಹೆಚ್ಚಿಗೆ ಬಂದ ಕೊಳ್ಳುವ ಶಕ್ತಿ 33,500 ರೂಪಾಯಿ. ವರ್ಷಕ್ಕೆ ಲೆಕ್ಕ ಹಾಕಿದರೆ ಅರ್ಧ ಪರ್ಸೆಂಟ್ ಹತ್ತಿರ. ಅದೂ ಈ ಸೂಚ್ಯಂಕ ಚಿಲ್ಲರೆ ಬೆಲೆ ಏರಿಕೆಯ ಮುಕ್ಕಾಲು ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಪೂರ್ತಿ ಏರಿಕೆ ಹಿಡಿದರೆ ಆ ಅರ್ಧ ಪರ್ಸೆಂಟೂ ಉಳಿಯುವುದಿಲ್ಲ. 2009ರಿಂದ 2013ರವರೆಗೆ ಬೆಲೆಗಳು ಎಷ್ಟು ಏರಿದವು ಎಂದು ಮನೆ ನಡೆಸಿದವರಿಗೆ ನೆನಪಿರುತ್ತದೆ. ಆ ಹೊತ್ತಿಗೆ ಕಟ್ಟಿದ್ದ ಕಂತುಗಳು, ಘೋಷಣೆಯಾಗಿ ಬಡ್ಡಿಯಿಲ್ಲದೆ ಕೂತಿದ್ದ ಬೋನಸ್‌ಗಳು ಕರಗಿದ್ದು ಹೆಚ್ಚಾಗಿ ಆಗಲೇ.

ಈ ಎರಡು ಲೆಕ್ಕವನ್ನು ಬೆರೆಸಬಾರದು. 5.96 ಎಂಬುದು ರೂಪಾಯಿಯಲ್ಲಿ ಬಂದ ಗಳಿಕೆ. ಬೇರೆ ಠೇವಣಿಗಳ ಜೊತೆ ಹೋಲಿಸಲು ಅದು ಬೇಕು. ಅರ್ಧ ಪರ್ಸೆಂಟ್ ಎಂಬುದು ಅಕ್ಕಿ ಬೇಳೆಯಲ್ಲಿ ಬಂದ ಗಳಿಕೆ. ಪಿಪಿಎಫ್‌ನಿಂದಲೂ ಬೆಲೆ ಏರಿಕೆ ಅಷ್ಟನ್ನೇ ಕಿತ್ತುಕೊಳ್ಳುತ್ತದೆ. ಹಾಗಾಗಿ ಒಂದರಲ್ಲಿ ಬೆಲೆ ಏರಿಕೆ ಕಳೆದು ಇನ್ನೊಂದರಲ್ಲಿ ಕಳೆಯದೆ ಹೋಲಿಸಿದರೆ ಅದು ಮತ್ತೊಂದು ಮೋಸ.

ಇದನ್ನೆಲ್ಲ ಕೇಳಿದ ಚಿಕ್ಕಪ್ಪನ ಮಗಳಿಗೆ ಗಾಬರಿಯಾಯಿತು. ಅವಳ ಹೆಸರಿನಲ್ಲೂ ಅದೇ ಥರದ ಪಾಲಿಸಿ ಇದೆ. ಅದೇ 15,000, ಅದೇ ಮೂರು ಲಕ್ಷ, 20 ವರ್ಷ. ಎಂಟು ಕಂತು ಮುಗಿದಿದೆ. "ಸರೆಂಡರ್ ಮಾಡಿಬಿಡ್ಲಾ?" ಎಂದು ಕೇಳಿದಳು. ಜಾಸ್ತಿ ಜನ ಎಡವುವುದು ಇಲ್ಲಿ. 6% ಕೊಡುವ ಪಾಲಿಸಿ ಎಂದು ಗೊತ್ತಾದ ತಕ್ಷಣ ಹರಿದು ಹಾಕಬೇಕು ಅನ್ನಿಸುತ್ತದೆ. ಆದರೆ 6% ಎಂಬುದು ಶುರುವಿನಿಂದ ಕೊನೆಯವರೆಗಿನ ಲೆಕ್ಕ. ಅವಳ ಮುಂದಿರುವ ಪ್ರಶ್ನೆ ಬೇರೆ: ಇಲ್ಲಿಂದ ಮುಂದಕ್ಕೆ ಎಷ್ಟು?

ಕಂಪನಿಯ ಶಾಖೆಯಲ್ಲಿ ಕೇಳಿದಾಗ ಸರೆಂಡರ್ ಮೊತ್ತ, ಅಂದರೆ ಪಾಲಿಸಿಯನ್ನು ಈಗಲೇ ಬಿಟ್ಟರೆ ಕೈಗೆ ಬರುವ ದುಡ್ಡು, 95,000 ಎಂದರು. ಅವಳು ಕಟ್ಟಿದ್ದು 1,20,000. ಪಾಲಿಸಿ ಮುಂದುವರಿಸುವುದು ಅಂದರೆ, ಕೈಗೆ ಬರಬಹುದಾಗಿದ್ದ ಈ 95,000 ಅನ್ನು ಇವತ್ತು ಮತ್ತೆ ಪಾಲಿಸಿಗೆ ಹಾಕಿದಂತೆ. ಅದರ ಜೊತೆಗೆ ಇನ್ನು 12 ಕಂತು. ಬೋನಸ್ ಈಗಿನಷ್ಟೇ ಬಂದರೆ 12 ವರ್ಷದ ಮೇಲೆ 5,82,000. ಇದನ್ನು ಸೂತ್ರಕ್ಕೆ ಹಾಕುವಾಗ ಮೂರನೇ ಜಾಗದ ಸೊನ್ನೆಗೆ ಈಗ ಕೆಲಸ ಬರುತ್ತದೆ:

```
=RATE(12,-15000,-95000,582000,1)
```

ಉತ್ತರ 8.7%. ಒಟ್ಟಾರೆ 6% ಪಾಲಿಸಿ, ಇಲ್ಲಿಂದ ಮುಂದಕ್ಕೆ ಮಾತ್ರ ನೋಡಿದರೆ 8.7% ಕೊಡುತ್ತದೆ.

ಕಣ್ಕಟ್ಟಿನಂತೆ ಕಂಡರೂ ಕಾರಣ ಸರಳ. ನಡುವೆ ನಿಲ್ಲಿಸಿ ಪೇಯ್ಡ್ ಅಪ್ ಮಾಡಿದಾಗ, ಅಂದರೆ ಮುಂದೆ ಕಂತು ಕಟ್ಟದೆ ಪಾಲಿಸಿಯನ್ನು ಕಡಿಮೆ ಮೊತ್ತಕ್ಕೆ ಉಳಿಸಿಕೊಂಡಾಗ, ಲೆಕ್ಕ ಹಾಕುವ ರೀತಿ ನೋಡಿ. ಕಟ್ಟಿದ ಒಂದೊಂದು ಕಂತಿಗೆ ವಿಮಾ ಮೊತ್ತದ 20ನೇ ಒಂದು ಭಾಗ, ಅಂದರೆ 15,000, ಮತ್ತು ಆ ವರ್ಷದ ಬೋನಸ್ 12,600. ಒಂದು ಕಂತಿಗೆ ಕೊನೆಯಲ್ಲಿ 27,600 ಖಾತ್ರಿಯಾದಂತೆ. ಮೊದಲ ವರ್ಷದ ಕಂತಿಗೂ 27,600, ಕೊನೆಯ ವರ್ಷದ ಕಂತಿಗೂ 27,600. ಆದರೆ ಮೊದಲನೆಯದು ಅದಕ್ಕೆ 20 ವರ್ಷ ಕಾಯಬೇಕು, ವರ್ಷಕ್ಕೆ 3.1% ಅಷ್ಟೇ ಬಿದ್ದಂತೆ. ಕೊನೆಯದು ಒಂದೇ ವರ್ಷದಲ್ಲಿ ಅಷ್ಟು ತರುತ್ತದೆ. ಬೋನಸ್‌ಗೆ ಬಡ್ಡಿ ಇಲ್ಲ ಎಂದು ಮೊದಲು ಹೇಳಿದೆನಲ್ಲ, ಅದರ ಇನ್ನೊಂದು ಮುಖ ಇದು. ಪಾಲಿಸಿಯ ಬಡತನವೆಲ್ಲ ಮೊದಲ ವರ್ಷಗಳಲ್ಲಿ, ಬೆಲ್ಲವೆಲ್ಲ ಕೊನೆಯಲ್ಲಿ. ಅಂತಿಮ ಹೆಚ್ಚುವರಿ ಬೋನಸ್ ಕೂಡ ಬಹಳ ವರ್ಷ ಪೂರ್ತಿ ನಡೆಸಿದವರಿಗೇ. ಎಂಟು ವರ್ಷ ಕಷ್ಟದ ಭಾಗ ನಡೆಸಿ, ಸಿಹಿ ಶುರುವಾಗುವ ಹೊತ್ತಿಗೆ ಇಳಿದು ಹೋಗುವವರು ತಮ್ಮ ಪಾಲಿನ ಬೆಲ್ಲವನ್ನು ಕಂಪನಿಗೇ ಬಿಟ್ಟು ಹೋಗುತ್ತಾರೆ.

ಹಾಗೆಂದು ಯಾವಾಗಲೂ ಮುಂದುವರಿಸುವುದೇ ಸರಿ ಎಂದಲ್ಲ. ಸರೆಂಡರ್ ಮೊತ್ತ ಹೆಚ್ಚಿದ್ದಷ್ಟೂ ಮುಂದಿನ ಗಳಿಕೆ ಕಡಿಮೆ ಕಾಣುತ್ತದೆ. 2024ರ ಅಕ್ಟೋಬರ್ 1ರಿಂದ ಸರೆಂಡರ್ ನಿಯಮ ಬದಲಾಗಿದೆ. ಮೊದಲು ಎರಡು ವರ್ಷದ ಕಂತು ತುಂಬುವ ಮುನ್ನ ಬಿಟ್ಟರೆ ಸಾಮಾನ್ಯವಾಗಿ ಏನೂ ಸಿಗುತ್ತಿರಲಿಲ್ಲ. ಹೊಸ ನಿಯಮದ ಪಾಲಿಸಿಗಳಲ್ಲಿ ಒಂದು ವರ್ಷದ ಕಂತು ಪೂರ್ತಿ ಕಟ್ಟಿ ಆ ವರ್ಷ ಮುಗಿಸಿದರೆ ವಿಶೇಷ ಸರೆಂಡರ್ ಮೌಲ್ಯ ಸಿಗುತ್ತದೆ. ಆದ್ದರಿಂದ ಪಕ್ಕದ ಮನೆಯವರ ಪಾಲಿಸಿಯ ಉತ್ತರ ನಿಮ್ಮದಕ್ಕೆ ಹೊಂದುವುದಿಲ್ಲ. ಶಾಖೆಯಿಂದ ಎರಡು ಸಂಖ್ಯೆ ಬರಹದಲ್ಲಿ ಪಡೆಯಬೇಕು: ಇವತ್ತಿನ ಸರೆಂಡರ್ ಮೊತ್ತ, ಇವತ್ತಿನವರೆಗೆ ಸೇರಿದ ಬೋನಸ್. ಮುಂದಿನ ಬೋನಸ್ ಯಾರೂ ಖಾತ್ರಿ ಕೊಡುವುದಿಲ್ಲ. ಹಾಗಾಗಿ ಈಗಿನ ದರಕ್ಕಿಂತ ಸ್ವಲ್ಪ ಕಡಿಮೆ ಹಿಡಿದು ಇನ್ನೊಮ್ಮೆ ಲೆಕ್ಕ ಹಾಕುವುದು ಒಳ್ಳೆಯದು.

ಹೊಸದಾಗಿ ತೆಗೆದುಕೊಳ್ಳುವವರಿಗೆ ಏಜೆಂಟ್ ಕೊಡುವ ಲಾಭದ ಪಟ್ಟಿಯಲ್ಲಿ 4% ಮತ್ತು 8% ಎಂದು ಎರಡು ಕಾಲಂ ಇರುತ್ತವೆ. ಅದನ್ನು ನೋಡಿ "ಕಡಿಮೆ ಅಂದ್ರೂ ನಾಲ್ಕು, ಚೆನ್ನಾಗಿ ನಡೆದ್ರೆ ಎಂಟು" ಎಂದು ತಿಳಿಯುವವರು ಬಹಳ. ಆ ಸಂಖ್ಯೆಗಳು ನಮಗೆ ಬರುವ ಗಳಿಕೆಯಲ್ಲ. ಕಂಪನಿ ತನ್ನ ಹೂಡಿಕೆಯಿಂದ ಇಷ್ಟು ಗಳಿಸಿದರೆ ಎಂದು ನಿಯಮದ ಪ್ರಕಾರ ಹಿಡಿದ ಊಹೆ ಅದು. ಅದರಲ್ಲಿ ಕಮಿಷನ್, ಕಚೇರಿ ಖರ್ಚು, ವಿಮೆಯ ಬೆಲೆ ಎಲ್ಲ ಕಳೆದ ಮೇಲೆ ಉಳಿಯುವುದು ನಮಗೆ. ಎಷ್ಟು ಉಳಿಯುತ್ತದೆ ಎಂದು ತಿಳಿಯಲು ಆ ಕಾಲಂನ ಕೆಳಗಿರುವ ಮೆಚ್ಯೂರಿಟಿ ಮೊತ್ತವನ್ನು ತೆಗೆದು `RATE`ಗೆ ಹಾಕಬೇಕು. 8%ರ ಕಾಲಂನಿಂದಲೂ ಎಂಟು ಬರುವುದಿಲ್ಲ.

ಹೋದ ತಿಂಗಳು ಅದೇ ಏಜೆಂಟ್ ಹೊಸ ಪ್ಲಾನಿನ ಕಾಗದ ಹಿಡಿದು ಗಿರಣಿಗೆ ಬಂದಿದ್ದರು. 10 ವರ್ಷ ಕಟ್ಟಿ, ಐದು ವರ್ಷ ಕಾದು, ಆಮೇಲೆ ಗ್ಯಾರಂಟಿ ಮೊತ್ತ ತೆಗೆದುಕೊಳ್ಳುವ ಪ್ಲಾನ್. ಚಿಕ್ಕಪ್ಪ ಕಾಗದ ತೆಗೆದುಕೊಂಡು ಅದರ ಫೋಟೋವನ್ನು ಮಗಳಿಗೆ ವಾಟ್ಸ್ಯಾಪ್ ಮಾಡಿದರು. ಅವಳು 15 ವರ್ಷದ 16 ಸಾಲು ಬರೆದು, ಕಂತು ಇಲ್ಲದ ವರ್ಷಗಳಿಗೆ ಸೊನ್ನೆ ಹಾಕಿ, ಉತ್ತರ ಕಳಿಸಿದಳು. ಏಜೆಂಟ್ ಇನ್ನೂ ಅಲ್ಲೇ ಕೂತಿದ್ದರು. ಚಿಕ್ಕಪ್ಪ ಫೋನನ್ನು ಅವರ ಕಡೆ ತಿರುಗಿಸಿ, "ಇದಕ್ಕೂ ಅರ್ಧ ರೂಪಾಯಿನೇ ಬೀಳುತ್ತಂತಲ್ಲ ಸ್ವಾಮಿ" ಎಂದರಂತೆ.